ಸೋಮವಾರ ಹೂಡಿದ ಎತ್ತುಗಳು

ಕಂಪನಿ ಮುಚ್ಚಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಅದು ಯಾಕೆ ಮುಚ್ಚಿತು ಎಂದು ಬರೆಯಲು ಕೂತದ್ದು. ಸಣ್ಣ ಊರುಗಳಲ್ಲಿ ಹೊಸ ಕೆಲಸ ಕಟ್ಟುವ ಕೆಲವರು ಸೇರಿ ಒಂದು ಇ-ಮೇಲ್ ಗುಂಪು ಮಾಡಿಕೊಂಡಿದ್ದೆವು. ಗೆದ್ದದ್ದನ್ನು ಎಲ್ಲರೂ ಬರೆಯುತ್ತಿದ್ದರು. ಸೋತದ್ದನ್ನು ಬರೆಯುತ್ತೇನೆ ಎಂದು ಒಪ್ಪಿಕೊಂಡವಳು ನಾನೊಬ್ಬಳೇ. ಯಾರನ್ನೂ ದೂರಬಾರದು, ನನ್ನ ಮೇಲೆ ಯಾರಿಗೂ ಮರುಕ ಬರಬಾರದು, ಇನ್ನೊಬ್ಬರು ಅದೇ ಕುಣಿಯಲ್ಲಿ ಬೀಳದಂತೆ ನಡೆದದ್ದನ್ನು ಇದ್ದ ಹಾಗೆ ಹೇಳಬೇಕು. ಇಷ್ಟು ಕರಾರು ಹಾಕಿಕೊಂಡಿದ್ದೆ. ಬರೆದ ಲೇಖನ ನನ್ನ ಬ್ಲಾಗಿಗೆ ಹೋಗುವುದಿತ್ತು. ಹೋಗುವ ಮೊದಲೇ ಅದಕ್ಕೆ ಬೇರೊಂದು ಕೆಲಸ ಬಿತ್ತು.

ನಮ್ಮ ಕಂಪನಿ ಎಂದರೆ ಬೈಲಹೊಂಗಲದ ಸವದತ್ತಿ ರಸ್ತೆಯಲ್ಲಿದ್ದ ಒಂದು ಗ್ಯಾರೇಜು, ಅದರ ಪಕ್ಕದ ಕೋಣೆ, ಮೂರು ಟ್ರ್ಯಾಕ್ಟರು, ಮೂರು ಬಿತ್ತುವ ಕೂರಿಗೆ, ಒಂದು ಕಂಪ್ಯೂಟರು ಮತ್ತು ಒಂದು ಮೊಬೈಲು. ಗ್ಯಾರೇಜು ನನ್ನ ಪಾಲುದಾರರದ್ದು. ನಲವತ್ತು ದಾಟಿದ ಮನುಷ್ಯ, ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುವವರು. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳು. ಅವರನ್ನು ನಾನು ಅಣ್ಣಾರ ಎನ್ನುತ್ತಿದ್ದೆ. ಅವರು ನನ್ನನ್ನು ಮಂದಿ ಇದ್ದಾಗ ಮೇಡಮ್, ಇಲ್ಲದಾಗ ತಂಗಿ ಎನ್ನುತ್ತಿದ್ದರು.

ಕೆಲಸದ ರೀತಿ ಸರಳ. ರೈತರು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಬರೆದಿದ್ದ ನಂಬರಿಗೆ ಮಿಸ್ ಕಾಲ್ ಕೊಡುತ್ತಿದ್ದರು. ನಾನು ತಿರುಗಿ ಫೋನ್ ಹಚ್ಚಿ ಊರು, ಎಕರೆ, ಬೆಳೆ ಕೇಳಿ ಒಂದು ದಿನ ಗೊತ್ತು ಮಾಡುತ್ತಿದ್ದೆ. ಆ ದಿನ ಟ್ರ್ಯಾಕ್ಟರು ಹೋಗಿ ಬಿತ್ತಿ ಬರುತ್ತಿತ್ತು.

ಇದರ ಹಿಂದೆ ನನ್ನದೊಂದು ಲೆಕ್ಕವಿತ್ತು. ಮುಂಗಾರು ಪಶ್ಚಿಮದಿಂದ ಬರುತ್ತದೆ. ಮೊದಲು ಕಿತ್ತೂರು ನೆನೆಯುತ್ತದೆ, ಆಮೇಲೆ ಬೈಲಹೊಂಗಲ, ಆಮೇಲೆ ಸವದತ್ತಿ, ಕಡೆಗೆ ರಾಮದುರ್ಗ. ಹಳೆಯ ವರ್ಷಗಳ ಮಳೆಯ ಅಂಕಿಗಳನ್ನೆಲ್ಲ ಹಾಕಿ ನೋಡಿದರೆ ಒಂದೊಂದು ಕಡೆಗೂ ನಡುವೆ ಕೆಲವು ದಿನಗಳ ಅಂತರ ಕಾಣುತ್ತಿತ್ತು. ಅಂದರೆ ಅದೇ ಮೂರು ಟ್ರ್ಯಾಕ್ಟರು ಮಳೆಯ ಬೆನ್ನು ಹತ್ತಿ ಹೋದರೆ ನಾಲ್ಕೂ ಕಡೆ ಬಿತ್ತಬಹುದು. ಮೊದಲ ವರ್ಷ ಹಾಗೆಯೇ ಆಯಿತು. ರಾಮದುರ್ಗದಾಚೆ ಸುರೇಬಾನದ ಹೊಲದಲ್ಲಿ ಕಡೆಯ ಸಾಲು ಬಿತ್ತಿ ಬಂದ ಸಂಜೆ ಅಣ್ಣಾರು, “ತಂಗೀ, ಮಳೀನ ನಿಮ್ಮ ಮಾತು ಕೇಳ್ತೈತಲ್ಲ” ಎಂದಿದ್ದರು. ನಾನು ಅದನ್ನು ನಂಬಿದೆ.

ಎರಡನೆಯ ವರ್ಷ ಕೆಟ್ಟಿತು. ಮತ್ತೊಂದು ಹಂಗಾಮು ಎಳೆದೆವು. ಕಡಲೆ ಬಿತ್ತುವ ಹೊತ್ತಿಗೆ ಮೊಬೈಲು ಸುಮ್ಮನಾಯಿತು. ಬಾಡಿಗೆಗೆ ಪಡೆದಿದ್ದ ಎರಡು ಟ್ರ್ಯಾಕ್ಟರು ಅವುಗಳ ಒಡೆಯರ ಮನೆಗೆ ಹೋದವು. ಮೂರನೆಯದು ನಮ್ಮ ಅಪ್ಪನದು, ಅದೂ ಮನೆಗೆ ಬಂತು.

ಊರಿನಲ್ಲಿ ಉಳಿದ ಸುದ್ದಿ ಬೇರೆ ಇತ್ತು. ‘ಮೆಕ್ಯಾನಿಕ್ ತನ್ನ ಸೋದರಮಾವನ ಹೊಲಕ್ಕ ಮೊದಲ ಟ್ರ್ಯಾಕ್ಟರ್ ಹೊಡದಾ, ಬಾಕಿ ಮಂದಿ ದಾರಿ ಕಾಯ್ಕೋಂತ ಕುಂತ್ರು, ಆ ಹುಡಿಗಿ ಕಂಪನಿ ಮುಳಗಿಸಿದಾ.’ ಸಂತೆಯಲ್ಲಿ, ಬಸ್ಸಿನಲ್ಲಿ ಹೀಗೆ ಹೇಳುತ್ತಿದ್ದರು. ನನಗೆ ಅದು ತಲುಪಿತ್ತು. ನಾನು ಹೌದು ಎಂದೂ ಹೇಳಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ.

ಆಗ ಊರಿನ ಒಬ್ಬ ಟ್ರ್ಯಾಕ್ಟರ್ ವ್ಯಾಪಾರಸ್ಥರು ತಾವೇ ಯಂತ್ರಗಳನ್ನು ಬಾಡಿಗೆಗೆ ಬಿಡುವ ಕೇಂದ್ರ ತೆರೆಯಲು ಹೊರಟರು. ಅದನ್ನು ನಡೆಸಲು ಅಣ್ಣಾರನ್ನು ತೆಗೆದುಕೊಳ್ಳುವ ಮಾತಾಗಿತ್ತು. ಗ್ಯಾರೇಜಿಗೂ ಗಿರಾಕಿಗಳು ಕಡಿಮೆಯಾಗಿದ್ದ ದಿನಗಳು. ಆ ಕೆಲಸ ಅವರಿಗೆ ಬೇಕಾಗಿತ್ತು. ಊರೆಲ್ಲ ಸಾವ್ಕಾರ ಎನ್ನುವ ಆ ವ್ಯಾಪಾರಸ್ಥರೇ ನನಗೆ ಫೋನ್ ಮಾಡಿದರು.

“ನೋಡ್ವಾ ತಂಗಿ, ಎರಡ ವರ್ಷ ಅವನ ಜೋಡಿ ಕೆಲಸಾ ಮಾಡೀದಿ. ಮಂದಿ ಏನೇನೋ ಅಂತಾರ. ಖರೇ ಏನೈತಿ ನೀ ಹೇಳು. ಶನಿವಾರ ನಾ ಒಂದು ತೀರ್ಮಾನಕ್ಕ ಬರಬೇಕು.”

“ಎಲ್ಲಾ ಬರದೇನ್ರಿ. ಶುಕ್ರವಾರ ಅಥವಾ ಶನಿವಾರ ತಂದು ಕೊಡ್ತೇನಿ. ಓದಿ ನೀವ ತೀರ್ಮಾನ ಮಾಡ್ರಿ,” ಎಂದೆ.

ಬಾಯಲ್ಲಿ ಹೇಳುವುದಕ್ಕಿಂತ ಬರೆದದ್ದು ಗಟ್ಟಿ ಎಂಬ ನಂಬಿಕೆ ನನ್ನದು. ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್‌ನೆಟ್ ಅಂಗಡಿಯಲ್ಲಿ ಲೇಖನವನ್ನು ಮುದ್ರಿಸಿಕೊಂಡು, ಬುಧವಾರ ಮೊದಲು ಅಣ್ಣಾರಿಗೆ ತೋರಿಸಲು ಗ್ಯಾರೇಜಿಗೆ ಹೋದೆ. ಅವರು ಸಮಾಧಾನಪಡುತ್ತಾರೆ ಎಂದುಕೊಂಡಿದ್ದೆ.

ಅದರಲ್ಲಿ ನಾನು ಹೀಗೆ ಬರೆದಿದ್ದೆ:

“ಮಳೆಯ ಸರಾಸರಿಯನ್ನು ನಾನು ಮಳೆ ಎಂದುಕೊಂಡೆ. ಹಲವು ವರ್ಷಗಳ ಲೆಕ್ಕದಲ್ಲಿ ಕಿತ್ತೂರಿಗೂ ರಾಮದುರ್ಗಕ್ಕೂ ಅಂತರವಿದೆ. ಆದರೆ ರೈತ ಬಿತ್ತುವುದು ಸರಾಸರಿಯಲ್ಲಲ್ಲ, ಆ ವರ್ಷದ ಹಸಿಯಲ್ಲಿ. ಎರಡನೆಯ ವರ್ಷ ನಾಲ್ಕೂ ಕಡೆ ಒಂದೇ ದಿನ ಮಳೆಯಾಯಿತು.

“ಸೋಮವಾರ ಟ್ರ್ಯಾಕ್ಟರುಗಳಿಗೆ ರಜೆ ಎಂದು ನಾನು ಗೊತ್ತು ಮಾಡಿದೆ. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಎತ್ತು ಹೂಡದ ದಿನ ಹೊಲದಲ್ಲಿ ಕೆಲಸವಿರುವುದಿಲ್ಲ ಎಂದುಕೊಂಡು, ಯಂತ್ರ ಬಿಚ್ಚಿ ರಿಪೇರಿ ಮಾಡುವುದನ್ನು ಆ ದಿನಕ್ಕೆ ಇಟ್ಟೆ. ಎತ್ತು ಹೂಡುವಂತಿಲ್ಲದ ದಿನವೇ ರೈತನಿಗೆ ಟ್ರ್ಯಾಕ್ಟರು ಬೇಕಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಹದ ಬಂದ ಸೋಮವಾರ ಬೆಳಿಗ್ಗೆ ಮೊಬೈಲಿನಲ್ಲಿ ಮಿಸ್ ಕಾಲುಗಳ ಸಾಲೇ ಇತ್ತು. ಮೂರರಲ್ಲಿ ಎರಡು ಟ್ರ್ಯಾಕ್ಟರು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ನಿಂತಿದ್ದವು.

“ಒಬ್ಬ ರೈತ ನಮಗೆ ಹೇಳಿದಾಗ ಇನ್ನಿಬ್ಬರು ಟ್ರ್ಯಾಕ್ಟರಿನವರಿಗೂ ಹೇಳಿರುತ್ತಾನೆ. ಅದು ಮೋಸವಲ್ಲ. ಹಸಿ ಆರಿದರೆ ಬಿತ್ತನೆ ಹೋಯಿತು. ನನ್ನ ಕಂಪ್ಯೂಟರಿನಲ್ಲಿ ಅವನ ಹೆಸರು ಇದ್ದ ಮಾತ್ರಕ್ಕೆ ಅವನು ನಮಗಾಗಿ ಕಾಯಬೇಕಿರಲಿಲ್ಲ.

“ಆ ವಾರ ಒಂದು ಟ್ರ್ಯಾಕ್ಟರು ಹೊಲದಲ್ಲಿ ಸಿಕ್ಕಿಬಿದ್ದು ಒಂದೂವರೆ ದಿನ ತಡವಾಯಿತು. ಇದೆಲ್ಲದಕ್ಕೂ ನನ್ನ ನಿರ್ಧಾರಗಳೇ ಕಾರಣ.”

ಅಣ್ಣಾರು ಕೈಯ ಗ್ರೀಸು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದರು. ಒಮ್ಮೆ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಹಾಳೆ ಮಡಚಿ ಬೆಂಚಿನ ಮೇಲೆ ಇಟ್ಟು, ಅದು ಹಾರದಂತೆ ಒಂದು ಸ್ಪ್ಯಾನರ್ ಇಟ್ಟರು.

“ಛಲೋ ಬರದೀರಿ. ಆದ್ರ ಒಂದ ಕೇಳ್ತೇನಿ. ಇದರಾಗ ನಾ ಎಲ್ಲಿ ಅದೇನಿ?”

“ನಿಮ್ಮ ಮ್ಯಾಲ ಯಾರೂ ಬಟ್ಟ ಮಾಡಿ ತೋರಸಬಾರದಂತ ನಿಮ್ಮ ಸುದ್ದೀನ ತಗದಿಲ್ರಿ.”

“ಅದ ಅಂತೇನಿ. ನಾನು, ನಾನು, ನಾನು. ನಾ ಮಾಡಿದೆ, ನಾ ಕೆಡಸಿದೆ. ಹಂಗಾರ ನಾ ಏನ್ ನಿಮ್ಮ ಕಡೆ ಡ್ರೈವರಕಿ ಮಾಡ್ತಿದ್ನೇನ್ರಿ? ಸೋಮವಾರ ಬಿಚ್ಚೂಣು ಅಂದಾಗ ‘ಬರೋಬರಿ ಐತಿ’ ಅಂದಾಂವ ಯಾರು? ಗೇರ್‌ಬಾಕ್ಸ್ ಬಿಚ್ಚಿದಾಂವ ಯಾರು?”

ಅವರು ಬೆಂಚಿನ ಮೇಲಿನ ಹಾಳೆಯ ಕಡೆ ಕೈ ತೋರಿಸಿದರು.

“ಸಾವ್ಕಾರ್ ಇದನ್ನ ಓದ್ತಾನ. ಓದಿ ಏನಂತಾನ? ‘ಹುಡಿಗಿ ಭಾಳ ಮರ್ಯಾದಸ್ಥಳು, ಅವನ ಹೆಸರ ಹೇಳದ ಮುಚ್ಚಾಕತ್ತಾಳ’ ಅಂತಾನ. ಮುಚ್ಚಿದ್ದು ಜಾಸ್ತಿ ಕಾಣ್ತೈತಿ, ತಂಗಿ. ನಾ ಮಾವನ ಹೊಲಾ ಬಿತ್ತಿದ್ದು ಖರೇ. ಅದನ್ನ ಬರೀರಿ.”

ಅವರು ಸಿಟ್ಟಾದದ್ದನ್ನು ಎರಡು ವರ್ಷದಲ್ಲಿ ನಾನು ನೋಡಿರಲಿಲ್ಲ. ಹಾಳೆಯನ್ನು ತೆಗೆದುಕೊಂಡು ಪಕ್ಕದ ಕೋಣೆಗೆ ಹೋದೆ. ಕಂಪ್ಯೂಟರು ಇರಲಿಲ್ಲ, ಮೇಜು ಮಾತ್ರ ಇತ್ತು. ಮಾವನ ಹೊಲದ ಸಂಗತಿ ಬರೆಯಲು ಶುರು ಮಾಡಿದೆ. ಮಂಗಳವಾರ ಮಾವನ ನಾಲ್ಕು ಎಕರೆ ಬಿತ್ತಿದ್ದು ಯಾಕೆ? ಸೋಮವಾರ ಅವರ ಎತ್ತುಗಳು ಕೆಸರಿನಿಂದ ನಮ್ಮ ಟ್ರ್ಯಾಕ್ಟರನ್ನು ಎಳೆದು ತೆಗೆದಿದ್ದವು. ಟ್ರ್ಯಾಕ್ಟರು ಕೆಸರಿಗೆ ಇಳಿದದ್ದು ಯಾಕೆ? ಇಲ್ಲಿಗೆ ಬಂದಾಗ ಪೆನ್ನು ನಿಂತಿತು.

ಆ ಸೋಮವಾರ ಬೆಳಿಗ್ಗೆ ತಯಾರಿದ್ದ ಒಂದೇ ಟ್ರ್ಯಾಕ್ಟರನ್ನು ತೆಗೆದುಕೊಂಡು ಅಣ್ಣಾರೇ ಮಾವನ ಊರಾದ ಚಚಡಿಯ ಕಡೆ ಹೋಗಿದ್ದರು. ಪಟ್ಟಿಯಲ್ಲಿ ಮೊದಲಿದ್ದದ್ದು ತಗ್ಗಿನ ಹೊಲ. ಬದುವಿನ ಮೇಲೆ ನಿಂತು ನನಗೆ ಫೋನ್ ಮಾಡಿದರು. “ತಂಗೀ, ಇದಕ್ಕ ಇನ್ನೂ ಹದ ಬಂದಿಲ್ಲ. ಮಣ್ಣ ಮುದ್ದಿ ಮಾಡಿ ನೋಡಿದೆ, ಕೈಗೆ ಅಂಟತೈತಿ. ನಾಳಿಗೆ ಬರತೈತಿ. ದಿಬ್ಬದ ಹೊಲಾ ಮೊದಲ ಮಾಡ್ತೇನಿ.” ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಹದ ಬರುವ ಮೊದಲು ಟ್ರ್ಯಾಕ್ಟರು ಇಳಿಸಬಾರದು ಎಂದು ನನಗೂ ಗೊತ್ತಿತ್ತು. ಆದರೆ ಮಾತಿನ ನಡುವೆಯೇ ಫೋನಿಗೆ ಬೇರೆ ಮಿಸ್ ಕಾಲುಗಳು ಬರುತ್ತಲೇ ಇದ್ದವು, ನನ್ನ ಮುಂದೆ ಪಟ್ಟಿ ಇತ್ತು. ನಾನು ಹೇಳಿದೆ: “ಪಟ್ಟಿ ಪ್ರಕಾರ ಹೋಗ್ರಿ ಅಣ್ಣಾರ. ಒಂದು ತಪ್ಪಿದ್ರ ಎಲ್ಲಾ ತಪ್ಪತಾವು. ಇಳಸ್ರಿ.”

ಅವರು ಇಳಿಸಿದರು. ಇಪ್ಪತ್ತು ಮಾರು ಹೋಗುವುದರೊಳಗೆ ಹಿಂದಿನ ಗಾಲಿಗಳು ಅಚ್ಚಿನವರೆಗೆ ಹೂತವು.

ನನ್ನ ಲೇಖನದಲ್ಲಿ ಇದು ‘ಒಂದು ಟ್ರ್ಯಾಕ್ಟರು ಸಿಕ್ಕಿಬಿದ್ದು’ ಎಂದು ಆಗಿತ್ತು. ಸರಾಸರಿಯ ತಪ್ಪು, ಸೋಮವಾರದ ತಪ್ಪು ಎರಡನ್ನೂ ನಾನು ಬಿಚ್ಚಿ ಹೇಳಿದ್ದೆ. ಅವು ಓದಿದವರು ತಲೆದೂಗುವಂಥ ತಪ್ಪುಗಳು. ಎದುರಿಗೆ ನಿಂತು ಮಣ್ಣು ಮುಟ್ಟಿ ನೋಡಿದವರ ಮಾತನ್ನು ತೆಗೆದುಹಾಕಿ, ಹತ್ತಾರು ಮೈಲಿ ದೂರದ ಕುರ್ಚಿಯಿಂದ ‘ಇಳಸ್ರಿ’ ಎಂದದ್ದು ಅಂಥದ್ದಾಗಿರಲಿಲ್ಲ. ಅಣ್ಣಾರಿಗೆ ಅದು ನೆನಪಿತ್ತು. ಗ್ಯಾರೇಜಿನಲ್ಲಿ ಅಷ್ಟು ಸಿಟ್ಟಿನಲ್ಲೂ ಅವರು ಅದನ್ನು ಎತ್ತಿರಲಿಲ್ಲ.

ನಾನು ಅದನ್ನು ಅದೇ ಮಾತುಗಳಲ್ಲಿ ಬರೆದೆ. ಬರೆದು ಹೊರಗೆ ಬಂದು ಅವರಿಗೆ ಕೊಟ್ಟೆ. ಅವರು ನಿಂತೇ ಓದಿದರು.

“ಇದನ್ನೂ ಹಾಕ್ತೀರಿ?”

“ಹಾಕ್ತೇನ್ರಿ.”

“ಹಂಗಾರ ಮಾವನ್ನ ಕೇಳಬೇಕು,” ಎಂದರು.

ಅವರು ಯಾಕೆ ಹಾಗೆಂದರು ಎಂದು ನನಗೆ ತಕ್ಷಣ ತಿಳಿಯಿತು. ಟ್ರ್ಯಾಕ್ಟರು ಹೂತದ್ದು ಸೋಮವಾರ. ಮಾವನವರು ಎತ್ತು ಹೂಡಿದ್ದೂ ಸೋಮವಾರ. ಆ ಹೊಲ ಊರಿನಿಂದ ದೂರ. ಕಂಡವರು ಒಬ್ಬಿಬ್ಬರು, ಅವರೂ ಮಾವನ ಮೇಲಿನ ಮರ್ಯಾದೆಗೆ ಬಾಯಿ ಬಿಟ್ಟಿರಲಿಲ್ಲ. ಆದ್ದರಿಂದಲೇ ಊರಿಗೆ ಅರ್ಧ ಸುದ್ದಿ ಮಾತ್ರ ಮುಟ್ಟಿತ್ತು. ಮಂಗಳವಾರ ಟ್ರ್ಯಾಕ್ಟರು ಮಾವನ ಹೊಲದಲ್ಲಿತ್ತು, ಅಷ್ಟೆ. ಅಣ್ಣಾರು ಇಷ್ಟು ತಿಂಗಳು ಬಾಯಿ ಮುಚ್ಚಿಕೊಂಡು ಬೈಸಿಕೊಂಡದ್ದು ಮಾವನಿಗಾಗಿ. ಈಗ ಖರೇ ಬರೆದರೆ ಅಣ್ಣಾರು ಉಳಿಯುತ್ತಾರೆ. ಹಿರಿಯರೊಬ್ಬರು ನೇಮ ಮುರಿದದ್ದು ಬಯಲಾಗುತ್ತದೆ. ಬರೆಯದಿದ್ದರೆ ಶನಿವಾರ ಕೆಲಸ ಹೋಗುತ್ತದೆ.

ಗುರುವಾರ ಅಣ್ಣಾರ ಮೋಟಾರ್ ಸೈಕಲ್ಲಿನಲ್ಲಿ ಚಚಡಿಗೆ ಹೋದೆವು. ಕಡಲೆ ಕಿತ್ತು ಹೊಲಗಳು ಬರಿದಾಗಿದ್ದವು. ಮಾವನವರು ಕಣದಲ್ಲಿ ಕಡಲೆ ತೂರುತ್ತಿದ್ದರು. ಎಪ್ಪತ್ತರ ಹತ್ತಿರದವರು, ತೆಳ್ಳಗೆ, ಹಣೆಯ ತುಂಬ ವಿಭೂತಿ. ತೂರುವ ಮೊರ ಕೆಳಗಿಟ್ಟು ನಮ್ಮನ್ನು ಕೂರಿಸಿದರು. ಸೊಸೆ ಮಜ್ಜಿಗೆ ತಂದುಕೊಟ್ಟಳು.

ನಾನೇ ಹೇಳಿದೆ. ಲೇಖನದ ಆ ಭಾಗವನ್ನು ಓದಿದೆ. ಮುಗಿಸಿ, “ನಿಮ್ಮ ಹೆಸರು, ಊರು ಯಾವುದೂ ಇಲ್ರಿ ಕಾಕಾರ. ಆದ್ರ ಓದಿದವರಿಗೆ ಗೊತ್ತಾಗ್ತೈತಿ. ನೀವು ಬ್ಯಾಡಂದ್ರ ಇದನ್ನ ತಗೀತೇನಿ,” ಎಂದೆ.

ಮಾವನವರು ಅಳಿಯನ ಕಡೆ ನೋಡಿದರು. “ಏನೋ, ಇದನ್ನ ಹೇಳ್ಲಿಕ್ಕ ನಿನಗ ಬಾಯಿರಲಿಲ್ಲೇನು? ಈ ಹುಡಿಗೀನ್ ಕರಕೊಂಡು ಬಂದಿ?”

“ನಾ ಹೇಳಬಾರದಂತ ಸುಮ್ಮನಿದ್ದೆ, ಮಾಮಾ.”

“ಸುಮ್ಮನಿದ್ದಿ. ಮಂದಿ ನನ್ನ ಹೊಲದ ಹೆಸರ ಹೇಳಿ ನಿನಗ ಬೈದ್ರು. ನನಗ ಕೇಳಸಲಿಲ್ಲಂತ ತಿಳದೀಯೇನು?” ಅವರು ಕೈಯಲ್ಲಿದ್ದ ಕಡಲೆಯನ್ನು ರಾಶಿಗೆ ಬಿಟ್ಟರು. “ಆ ದಿನಾ ನೊಗಾ ಇಡಬೇಕಾದ್ರ ನಾ ಎತ್ತಿನ ಕಾಲ್ ಮುಟ್ಟಿ ತಪ್ಪಾತಪ್ಪಾ ಅಂದೇನಿ. ಎಡದ ಎತ್ತಿನ ಹೆಗಲ ಬಾತು. ಎಂಟ ದಿನಾ ಹೂಡಲಿಲ್ಲ. ಅದಕ್ಕ ಇಂವ ನನ್ನ ಹೊಲಾ ಬಿತ್ತಿ ಕೊಟ್ಟಾ. ಇಲ್ಲದಿದ್ರ ನನಗ ಇವನ ಟ್ರ್ಯಾಕ್ಟರ್ ಯಾಕ ಬೇಕಿತ್ತು? ಇವನ ಟ್ರ್ಯಾಕ್ಟರಕಿಂತ ನನ್ನ ಎತ್ತ ಶಾಣ್ಯಾ ಅದಾವು, ಹದಾ ನೋಡಿ ಕಾಲಿಡತಾವು.”

ಆ ಮಾತು ನನ್ನ ಕಡೆ ಬಂದದ್ದು ನನಗೆ ಗೊತ್ತಾಯಿತು. ತಲೆ ತಗ್ಗಿಸಿದೆ.

“ಬರೀವಾ,” ಎಂದರು. “ನಾ ಸೋಮವಾರ ನೊಗಾ ಇಟ್ಟಿದ್ದು ಬಸವಣ್ಣಗ ಗೊತ್ತೈತಿ. ಅವಂಗ ಗೊತ್ತಿದ್ದದ್ದು ಊರಿಗೆ ಗೊತ್ತಾದ್ರ ಏನಾತು? ಆದ್ರ ಎತ್ತಿನ ಹೆಗಲ ಬಾತಿದ್ದನ್ನೂ ಬರಿ. ಅದನ್ನ ಬಿಡಬ್ಯಾಡ.”

ಎತ್ತಿನ ಹೆಗಲು ನನ್ನ ಲೇಖನದಲ್ಲಿ ಇರಲಿಲ್ಲ. ಅಲ್ಲೇ ಕಣದ ಬದಿಯಲ್ಲಿ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.

ಶನಿವಾರ ಮುಂಜಾನೆ ಸಾವ್ಕಾರರ ಅಂಗಡಿಗೆ ಇಬ್ಬರೂ ಹೋದೆವು. ಹೊಸ ಟ್ರ್ಯಾಕ್ಟರುಗಳ ನಡುವೆ ಒಂದು ಮೇಜು, ಅದರ ಹಿಂದೆ ಅವರು. ಹಾಳೆಗಳನ್ನು ತೆಗೆದುಕೊಂಡು, ನಮ್ಮನ್ನು ಕೂರಿಸಿ, ಗಟ್ಟಿಯಾಗಿ ಓದತೊಡಗಿದರು. ನನ್ನ ವಾಕ್ಯಗಳು ಇನ್ನೊಬ್ಬರ ದನಿಯಲ್ಲಿ ಕೇಳಿಸುವುದು ನನಗೆ ತಡೆಯಲಾಗದ ಹಿಂಸೆ. ನೆಲದ ಫರಸಿ ಕಲ್ಲು ಎಣಿಸುತ್ತ ಕೂತೆ. ‘ಪಟ್ಟಿ ಪ್ರಕಾರ ಹೋಗ್ರಿ’ ಎನ್ನುವಲ್ಲಿ ಅವರು ಓದು ನಿಲ್ಲಿಸಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಇದನ್ನ ಹೇಳಿದಾಕಿ ನೀನೇನು?”

“ಹೌದ್ರಿ.”

“ಇಂವ ಹದಾ ಬಂದಿಲ್ಲ ಅಂದಿದ್ದಾ?”

“ಅಂದಿದ್ರು.”

ಅಣ್ಣಾರು ನಡುವೆ ಬಾಯಿ ಹಾಕಿದರು. “ನನಗೂ ಗೊತ್ತಿತ್ರಿ ಸಾವ್ಕಾರ, ಗೊತ್ತಿದ್ದೂ ಇಳಿಸೇನಿ. ಇಕಿ ಫೋನಿನ್ಯಾಗ ಇದ್ಲು. ಸ್ಟೇರಿಂಗ್ ನನ್ನ ಕೈಯಾಗ ಇತ್ತು.”

ಸಾವ್ಕಾರರು ಮತ್ತೆ ಓದಿದರು. ಎತ್ತಿನ ಹೆಗಲು ಬಂದ ಕಡೆ ದನಿ ತಗ್ಗಿತು. ಮುಂದಿನದನ್ನು ಮನಸ್ಸಿನಲ್ಲೇ ಓದಿ ಮುಗಿಸಿದರು. ಹೊರಗೆ ಯಾರೋ ಹಾರ್ನ್ ಹೊಡೆದರು. ಅವರು ಹಾಳೆಗಳನ್ನು ಸರಿಯಾಗಿ ಜೋಡಿಸಿದರು, ಮತ್ತೊಮ್ಮೆ ಜೋಡಿಸಿದರು.

“ಸೋಮವಾರ ಎತ್ತ ಹೂಡಿಸಿದ್ಯಾ, ಮಗನ,” ಎಂದರು ಅಣ್ಣಾರಿಗೆ.

“ಹೌದ್ರಿ.”

“ಆ ಹಿರ್ಯಾ ಒಪ್ಪಿದ್ನಾ, ಇದನ್ನ ಬರಿಯಾಕ?”

“ಬರಿ ಅಂದಾರ್ರಿ,” ಎಂದೆ ನಾನು.

ಸಾವ್ಕಾರರು ನನ್ನ ಕಡೆ ತಿರುಗಿದರು. “ತಂಗಿ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ. ಇದನ್ನ ಓದಿದ್ರ ನಿನಗ ಕಂಪನಿ ನಡಸು ಅಂತ ಯಾರೂ ಟ್ರ್ಯಾಕ್ಟರ್ ಕೊಡೂದಿಲ್ಲ.”

“ಇರಲಿ ಬಿಡ್ರಿ.”

“ಇವಂಗ ಕೊಡ್ತೇನಿ. ಮಾಡಿದ ತಪ್ಪ ಗೊತ್ತಿದ್ದಾಂವ ಹೊಸದು ಮಾಡಬಹುದು, ಅದನ್ನ ಮತ್ತ ಮಾಡೂದಿಲ್ಲ. ಕರಾರು ಒಂದ: ಎರಿ ಹೊಲಕ್ಕ ಗಾಡಿ ಇಳಸೂದೋ ಬ್ಯಾಡೋ ಅಂತ ಹೊಲದಾಗ ನಿಂತಾಂವ ಹೇಳಬೇಕು. ನಾ ಫೋನ್ ಹಚ್ಚಿ ಇಳಸು ಅಂದ್ರೂ ಕೇಳಬಾರದು. ತಿಳೀತಿಲ್ಲೋ?”

“ತಿಳೀತ್ರಿ,” ಎಂದರು ಅಣ್ಣಾರು.

ಆ ಕರಾರು ನನ್ನ ಲೇಖನದಲ್ಲಿ ಇರಬೇಕಾಗಿದ್ದ ಪಾಠ. ನಾನು ಅದರ ಸುತ್ತ ಎರಡು ಪುಟ ಬರೆದಿದ್ದೆ, ಅದನ್ನು ಬರೆದಿರಲಿಲ್ಲ. ಹಾಳೆಗಳನ್ನು ತಿರುಗಿ ಕೇಳಿ ಪಡೆದು ಕೊನೆಯಲ್ಲಿ ಸೇರಿಸಿದೆ: ‘ಪಟ್ಟಿ ಮಾಡಿದವರಿಗೆ ಪಟ್ಟಿ ಮುರಿಯುವ ಅಧಿಕಾರವಿದ್ದು, ಮಣ್ಣು ಮುಟ್ಟಿದವರಿಗೆ ಇಲ್ಲದಿದ್ದರೆ, ಆ ಪಟ್ಟಿಯಿಂದ ಕೆಲಸ ನಡೆಯುವುದಿಲ್ಲ.’ ‘ಇದೆಲ್ಲದಕ್ಕೂ ನನ್ನ ನಿರ್ಧಾರಗಳೇ ಕಾರಣ’ ಎಂಬ ವಾಕ್ಯವನ್ನು ಹೊಡೆದುಹಾಕಿದೆ. ಓದಲು ದೊಡ್ಡ ಮನಸ್ಸಿನ ಮಾತಿನಂತೆ ಕೇಳುತ್ತಿತ್ತು, ನಿಜವಾಗಿರಲಿಲ್ಲ.

ಎದ್ದು ಹೊರಡುವಾಗ ಚೀಲದಿಂದ ಕಂಪನಿಯ ಮೊಬೈಲು ತೆಗೆದು ಅಣ್ಣಾರಿಗೆ ಕೊಟ್ಟೆ. ಮೂರು ಟ್ರ್ಯಾಕ್ಟರುಗಳ ಮಡ್‌ಗಾರ್ಡಿನ ಮೇಲೆ ಆ ನಂಬರು ಇನ್ನೂ ಅಳಿಸಿರಲಿಲ್ಲ. ಅಪರೂಪಕ್ಕೊಮ್ಮೆ ಅದಕ್ಕೆ ಮಿಸ್ ಕಾಲ್ ಬರುತ್ತಿತ್ತು, ಕಂಪನಿ ಮುಚ್ಚಿದೆ ಎಂದು ನಾನು ತಿರುಗಿ ಹೇಳುತ್ತಿದ್ದೆ.

“ಇದು ನಿಮ್ಮದ ಇದ್ರ ಆತಲ್ಲ,” ಎಂದರು ಅವರು.

“ನನಗ ಹದಾ ನೋಡ್ಲಿಕ್ಕ ಬರೂದಿಲ್ರಿ,” ಎಂದೆ. ಸಾವ್ಕಾರರು ನಕ್ಕರು. ಅಣ್ಣಾರು ನಗಲಿಲ್ಲ, ಮೊಬೈಲನ್ನು ಅಂಗಿಯ ಮೇಲಿನ ಕಿಸೆಯಲ್ಲಿ ಇಟ್ಟುಕೊಂಡರು.

ಆ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಕೂತು ಲೇಖನವನ್ನು ಬ್ಲಾಗಿಗೆ ಹಾಕಿದೆ. ಗುಂಪಿನವರು ಕೆಲವರು ಉತ್ತರ ಬರೆದರು. ಒಬ್ಬರು ಸರಾಸರಿಯ ಬಗ್ಗೆ ವಾದ ಹೂಡಿದರು. ಸೋಮವಾರದ ವಿಷಯ ಹಲವರಿಗೆ ಹಿಡಿಸಿತು. ‘ಇಳಸ್ರಿ’ ಎಂದದ್ದರ ಬಗ್ಗೆ ಯಾರೂ ಏನೂ ಬರೆಯಲಿಲ್ಲ.

ಕೇಂದ್ರ ತೆರೆದ ಮೇಲೆ ಒಂದು ದಿನ ಆ ರಸ್ತೆಯಲ್ಲಿ ಹೋಗುತ್ತಿದ್ದಾಗ ಅಣ್ಣಾರು ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡು ಕೈ ಎತ್ತಿದರು, ಮಾತು ನಿಲ್ಲಿಸಲಿಲ್ಲ. “ಸೋಮವಾರ ಬರ್ತೇವ್ರಿ. ಹೌದ್ರಿ, ಸೋಮವಾರನ. ಆದ್ರ ನೀವು ಈಗ ಹೊಲಕ್ಕ ಹೋಗಿ ಒಂದ ಮುದ್ದಿ ಮಾಡಿ ನೋಡ್ರಿ, ಕೈಗೆ ಅಂಟತೈತೋ ಇಲ್ಲೋ ಹೇಳ್ರಿ. ನಾ ಹಿಂಗ ಹಿಡಕೊಂಡಿರ್ತೇನಿ.”

ಫೋನ್ ಕಿವಿಗೆ ಹಿಡಿದು ಅವರು ಕಾಯುತ್ತ ನಿಂತರು. ಅವರ ಹಿಂದೆ ಅಂಗಳದಲ್ಲಿ ಟ್ರ್ಯಾಕ್ಟರುಗಳೆಲ್ಲ ಬಾನೆಟ್ ಮುಚ್ಚಿಕೊಂಡು ತಯಾರಾಗಿ ನಿಂತಿದ್ದವು.